ಆಟಿಯಲ್ಲಿ ವಿಳಾಸ ಕೊಡುವುದಿಲ್ಲವಂತೆ

ಆಟಿ ತಿಂಗಳಲ್ಲಿ ಶುಭಕಾರ್ಯ ಮಾಡಬಾರದು ಎಂದು ನನಗೆ ಪಾಠ ಹೇಳಲು ಬಂದವನು ನನ್ನ ಅಳಿಯ. ಎದುರಿಗೆ ‘ನೀವು’ ಎನ್ನುತ್ತೇನೆ, ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ. ಅಷ್ಟು ಸಿಟ್ಟು ಇನ್ನೂ ಉಳಿದಿದೆ.

ಆಟಿ ಎಂದರೆ ಏನೆಂದು ನಾನು ಹೊಟ್ಟೆಯಿಂದ ಕಲಿತವಳು, ಪಂಚಾಂಗದಿಂದಲ್ಲ. ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ ನಮ್ಮ ತುಳುನಾಡಿನಲ್ಲಿ ಗದ್ದೆಗೆ ಕೆಲಸವಿಲ್ಲ, ಕಣಜದಲ್ಲಿ ಅಕ್ಕಿಯಿಲ್ಲ. ಕೆಸುವಿನ ಎಲೆ, ತಗತೆ ಸೊಪ್ಪು, ಹಲಸಿನ ಬೀಜ ತಿಂದು ದಿನ ನೂಕಬೇಕು. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಮದುವೆ, ಹೊಸ ಮನೆಯ ಒಕ್ಕಲು ಇಟ್ಟುಕೊಂಡರೆ ಊಟ ಹಾಕುವವರು ಯಾರು? ಅದಕ್ಕೇ ಹಿರಿಯರು ಬೇಡ ಎಂದರು. ಹಸಿವಿಗೆ ಶಾಸ್ತ್ರದ ಅಂಗಿ ತೊಡಿಸಿದರು, ಅಷ್ಟೇ. ಸಮುದ್ರದಾಚೆಯ ಈ ಬ್ರ್ಯಾಂಪ್ಟನ್ನಿನಲ್ಲಿ, ಎರಡು ಫ್ರಿಜ್ಜು ತುಂಬಿದ ಮನೆಯಲ್ಲಿ ಕುಳಿತು ಆಟಿ ಎನ್ನುವವನಿಗೆ ಬೇರೆ ಏನೋ ಹೊಟ್ಟೆನೋವು ಇರುತ್ತದೆ. ಇತ್ತು ಕೂಡ.

ಇದು ಕೊರೊನಾಕ್ಕೆ ಮುಂಚಿನ ಮಾತು. ನಾನು ಮಗಳ ಬಾಣಂತನಕ್ಕೆಂದು ಈ ದೇಶಕ್ಕೆ ಬಂದವಳು ಇಲ್ಲೇ ಉಳಿದುಕೊಂಡೆ. ಹನ್ನೊಂದು ವರ್ಷ ಸಮೋಸಾ ಮಾಡುವ ಕಾರ್ಖಾನೆಯಲ್ಲಿ ನಿಂತು ಮಡಚಿದೆ. ಮೊಣಕಾಲು ಹೋದ ಮೇಲೆ ಮನೆ ಸೇರಿದೆ. ಮಗಳು ಹಲ್ಲಿನ ಡಾಕ್ಟರರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯನಿಗೆ ಮೆಡೋವೇಲಿನಲ್ಲಿ ಕಂಪ್ಯೂಟರಿನ ಮುಂದೆ ಕೆಲಸ. ಮನೆ ಇಬ್ಬರ ಹೆಸರಿನಲ್ಲಿದೆ. ಕೆಳಗೆ ಬೇಸ್‌ಮೆಂಟು. ಅದಕ್ಕೆ ಅಳಿಯ ಒಂದು ಒಲೆ, ಒಂದು ಬಚ್ಚಲು ಮಾಡಿಸಿ ಬಾಡಿಗೆಗೆ ಇಟ್ಟಿದ್ದ.

ಆ ವರ್ಷ ಜುಲೈ ಹನ್ನೆರಡಕ್ಕೆ ಒಂದು ಜೋಡಿ ಬಂದಿಳಿಯಿತು. ಉಡುಪಿ ಕಡೆಯವರು, ಅಳಿಯನ ಸ್ನೇಹಿತನೊಬ್ಬನ ಪರಿಚಯ. ಖಾಯಂ ವಾಸದ ಪರವಾನಗಿ ಸಿಕ್ಕಿ, ಕೆಲಸ ಹುಡುಕಿಕೊಂಡು ಬಂದವರು. ಹುಡುಗನಿಗೆ ಮೂವತ್ತಿರಬಹುದು. ಹುಡುಗಿ ಅವನಿಗಿಂತ ಸಣ್ಣವಳು, ಬಿ.ಕಾಂ. ಓದಿದವಳು, ಐದು ತಿಂಗಳ ಬಸುರಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೊಟ್ಟೆ ನೋಡಿ ನಾನು ಲೆಕ್ಕ ಹಾಕಿದೆ. ದೀಪಾವಳಿ ಹೊತ್ತಿಗೆ.

“ದೀಪಾವಳಿಗಲ್ವಾ?” ಎಂದು ಕೇಳಿದೆ.

“ನವೆಂಬರ್ ಮೊದಲನೇ ವಾರ ಹೇಳಿದ್ದಾರೆ ದೊಡ್ಡಮ್ಮ. ನಿಮಗೆ ಹ್ಯಾಗೆ ಗೊತ್ತಾಯ್ತು?”

“ನಂಗೆ ಕಣ್ಣುಂಟು.”

ಮನೆಯಲ್ಲಿ ಆಡುವುದು ತುಳು. ಬರೆಯುವಾಗ ಕನ್ನಡವಾಗಿದೆ, ಬೈಗುಳ ಸ್ವಲ್ಪ ಸಪ್ಪೆಯಾಗಿದ್ದರೆ ಅದೇ ಕಾರಣ.

ಅವರು ಬಂದ ರಾತ್ರಿ ಊಟದ ಮೇಜಿನಲ್ಲಿ ಹುಡುಗ ಮೆಲ್ಲಗೆ ವಿಷಯ ತೆಗೆದ. ವಿಮಾನ ನಿಲ್ದಾಣದ ಅಧಿಕಾರಿ ಅವರನ್ನು ಈ ದೇಶದ ವಿಳಾಸ ಕೇಳಿದ್ದರಂತೆ. ಖಾಯಂ ವಾಸದ ಕಾರ್ಡು ಅಂಚೆಯಲ್ಲಿ ಬರುವುದಕ್ಕೆ ವಿಳಾಸ ಬೇಕು. ಹುಡುಗ “ಆಮೇಲೆ ಕೊಡುತ್ತೇವೆ” ಎಂದಿದ್ದ. ಹಾಗೆ ಹೇಳು ಎಂದು ಅಳಿಯನೇ ಮೊದಲೇ ಫೋನಿನಲ್ಲಿ ಹೇಳಿಕೊಟ್ಟಿದ್ದನಂತೆ. ನೂರ ಎಂಬತ್ತು ದಿನದೊಳಗೆ ವಿಳಾಸ ಕೊಡಿ, ತಪ್ಪಿದರೆ ಕಾರ್ಡಿಗೆ ಹೊಸದಾಗಿ ದುಡ್ಡು ಕಟ್ಟಿ ಅರ್ಜಿ ಹಾಕಬೇಕಾಗುತ್ತದೆ ಎಂದು ಅಧಿಕಾರಿ ಎಚ್ಚರಿಸಿ ಕಳಿಸಿದ್ದರು.

“ಹಾಗಾದ್ರೆ ಅಣ್ಣ, ಒಂದು ಅಗ್ರಿಮೆಂಟ್ ಮಾಡಿಕೊಂಡ್ರೆ…” ಎಂದ ಹುಡುಗ.

ಅಳಿಯ ಸಾರು ಸುರಿದುಕೊಳ್ಳುತ್ತ ನಕ್ಕ. “ಅರ್ಜೆಂಟ್ ಎಂತ ಮಾರಾಯ? ಜೆಟ್‌ಲ್ಯಾಗ್ ಇಳೀಲಿ. ಸರಕಾರವೇ ಆರು ತಿಂಗಳು ಕೊಟ್ಟಿದೆ. ಮತ್ತೆ ಈಗ ಆಟಿ ಬೇರೆ ಬರ್ತದೆ. ಆಟಿಯಲ್ಲಿ ಯಾರಾದ್ರೂ ಮನೆಯ ಕಾಗದ ಮಾಡ್ತಾರಾ? ಆಟಿ ಕಳೆದು ಸೋಣ ತಿಂಗಳು ಹುಟ್ಟಲಿ. ಸಂಕ್ರಮಣದ ದಿನ ಹಾಲುಕ್ಕಿಸಿ, ಆಮೇಲೆ ಸೈನ್. ಅಲ್ಲೀವರೆಗೆ ನೀವು ನಮ್ಮ ನೆಂಟ್ರು ಅಂತ ಇಟ್ಕೊಳ್ಳಿ.”

ಆಟಿ ಹುಟ್ಟಲು ಇನ್ನೂ ನಾಲ್ಕೈದು ದಿನ ಇತ್ತು. ನಾನು ಅದನ್ನೇ ಹೇಳಿದೆ.

“ಮಾಮಿ, ನಿಮ್ಗೆ ಗೊತ್ತಾಗುದಿಲ್ಲ,” ಎಂದ.

ಗೊತ್ತಾಗುವುದಿಲ್ಲ! ಅತ್ತೆಗೆ ಆಟಿ ಗೊತ್ತಾಗುವುದಿಲ್ಲ, ಅಳಿಯನಿಗೆ ಗೊತ್ತು. ಮಗಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಬಾಯಿ ಮುಚ್ಚಿಕೋ ಎನ್ನುವುದಕ್ಕೆ ಅವಳು ಹಾಗೆ ಮಾಡುವುದು.

ನೆಂಟರು ಎಂದನಲ್ಲ, ಮರುದಿನ ಬೆಳಿಗ್ಗೆಯೇ ನೆಂಟರ ಕೈಯಿಂದ ಬಾಡಿಗೆ ತೆಗೆದುಕೊಂಡ. ನಗದಾಗಿ. ಬಾಡಿಗೆಗೆ ಆಟಿಯಿಲ್ಲ.

ಆಟಿ ಹುಟ್ಟಿದ ವಾರವೇ ಅಳಿಯ ತಾನು ಹೊಸ ಕಾರು ತಂದ. ಲೀಸಿಗೆ ತಂದದ್ದು, ಕಾಗದಕ್ಕೆ ಹತ್ತು ಕಡೆ ಸಹಿ. ಮಗಳ ಕೈಯಲ್ಲಿ ನಿಂಬೆಹಣ್ಣು ಕೊಟ್ಟು ಗಾಲಿಯ ಅಡಿಗೆ ಇಡಿಸಿದ. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡೆ.

ಕೆಳಗಿನ ಹುಡುಗಿ ಹಗಲು ಮೇಲೆ ಬಂದು ನನ್ನ ಜೊತೆ ಕೂರುತ್ತಿದ್ದಳು. ಗಂಡನಿಗೆ ಆಗಸ್ಟಿನಲ್ಲಿ ವಾನ್ ಎಂಬ ಊರಿನ ಗೋದಾಮಿನಲ್ಲಿ ಏಜೆನ್ಸಿ ಮೂಲಕ ಕೆಲಸ ಸಿಕ್ಕಿತು. ಎರಡು ಬಸ್ಸು ಹಿಡಿದು ಹೋಗಬೇಕು, ಬರುವಷ್ಟರಲ್ಲಿ ಹೆಣ. ಅವಳಿಗೆ ಗೊತ್ತಿದ್ದ ಮನುಷ್ಯರು ಎಂದರೆ ನಾನು, ಮತ್ತೆ ಪಕ್ಕದ ಮನೆಯ ಪಂಜಾಬಿ ಹೆಂಗಸು. ಹೆಲ್ತ್ ಕಾರ್ಡು ಇಲ್ಲದೆಯೂ ಸೂಲಗಿತ್ತಿ ನೋಡುತ್ತಾಳೆ, ಅವಳ ಸಂಬಳ ಸರಕಾರವೇ ಕೊಡುತ್ತದೆ ಎಂದು ತಿಳಿಸಿದ್ದು ಆ ಪಂಜಾಬಿ ಹೆಂಗಸು. ಇಂಥ ದೇಶದಲ್ಲಿ ಸೂಲಗಿತ್ತಿ! ನಮ್ಮೂರಲ್ಲಿ ಸೂಲಗಿತ್ತಿಯರನ್ನು ಓಡಿಸಿ ಆಸ್ಪತ್ರೆ ಕಟ್ಟಿದರು, ಇಲ್ಲಿ ಆಸ್ಪತ್ರೆ ಕಟ್ಟಿ ಆಮೇಲೆ ಸೂಲಗಿತ್ತಿಯನ್ನು ಓದಿಸಿ ಕರೆತಂದಿದ್ದಾರೆ.

ಆ ಸೂಲಗಿತ್ತಿ ಒಳ್ಳೆಯವಳು. ಹುಡುಗಿಯ ರಕ್ತದೊತ್ತಡ ನೋಡಿ ಮುಖ ಗಂಟಿಕ್ಕಿದಳಂತೆ. ನನ್ನ ಕೆಲಸಕ್ಕೆ ನೀನು ಏನೂ ಕೊಡಬೇಕಾಗಿಲ್ಲ, ಆದರೆ ನಿನಗೆ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಡಾಕ್ಟರು ಹತ್ತಿರ ಇರಬೇಕು, ಕೊಯ್ಯಬೇಕಾಗಿಯೂ ಬರಬಹುದು ಎಂದಳು. ಆಸ್ಪತ್ರೆಗೆ, ಡಾಕ್ಟರಿಗೆ ಹೆಲ್ತ್ ಕಾರ್ಡು ಬೇಕು. ಇಲ್ಲದಿದ್ದರೆ ಬಿಲ್ಲು ಕೈಗೆ ಬರುತ್ತದೆ. ಬಂದು ಒಂದೆರಡು ತಿಂಗಳಾದವರು ಅಂಥ ಬಿಲ್ಲು ತೀರಿಸುವುದು ಎಲ್ಲಿಂದ?

ಆಗ ಇದ್ದ ನಿಯಮವನ್ನು ಹೇಳಬೇಕು, ಈಗ ತೆಗೆದಿದ್ದಾರೆ. ಹೊಸಬರು ಈ ಪ್ರಾಂತ್ಯದಲ್ಲಿ ವಾಸ ಶುರುಮಾಡಿದ ದಿನದಿಂದ ಮೂರು ತಿಂಗಳು ಕಾಯಬೇಕು, ಆಮೇಲೆ ಹೆಲ್ತ್ ಕಾರ್ಡು ನಡೆಯುತ್ತದೆ. ಕೊಲ್ಲಿ ದೇಶದ ಹಾಗೆ ಇಲ್ಲಿ ಬಂದವರ ಹೆಸರನ್ನು ಮಾಲೀಕ ಬರೆಸಿಕೊಡುವುದಿಲ್ಲ. ಪೊಲೀಸ್ ಠಾಣೆಗೆ ಹೋಗಿ ವಿಳಾಸ ಬರೆಸುವ ಪದ್ಧತಿಯೂ ಇಲ್ಲ. ನಾವೇ ಸರಕಾರಿ ಕೌಂಟರಿಗೆ ಹೋಗಿ, ನಾನು ಇಂಥ ಮನೆಯಲ್ಲಿದ್ದೇನೆ ಎಂದು ಕಾಗದ ತೋರಿಸಬೇಕು. ಮನೆ ಬದಲಿಸಿದರೆ ಮೂವತ್ತು ದಿನದೊಳಗೆ ಅದನ್ನೂ ಹೇಳಬೇಕು. ತೋರಿಸುವ ಕಾಗದವೆಂದರೆ ಬಾಡಿಗೆ ಕರಾರು, ಅಂಚೆಯಲ್ಲಿ ಬಂದ ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಅಂಥವು.

ಆ ಜೋಡಿಯ ಹತ್ತಿರ ಜುಲೈ ತಿಂಗಳದ್ದು ಒಂದೂ ಇರಲಿಲ್ಲ. ಕರಾರು ಆಟಿಯಲ್ಲಿ ಆಗಲಿಲ್ಲ. ಬ್ಯಾಂಕಿನ ಕಾಗದ ಮನೆಗೆ ಬರುವುದು ಬೇಡ, ಫೋನಿಗೇ ಬರುವ ಹಾಗೆ ಮಾಡಿಕೊಳ್ಳಿ ಎಂದು ಅಳಿಯ ಹೇಳಿದ್ದ. ಸಂಬಳದ ಚೀಟಿ ಆಗಸ್ಟಿನದ್ದು. ಅಂಚೆಯವನಿಗೆ ಅವರ ಹೆಸರೇ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯ ಕೆಳಗೆ ಎರಡೂವರೆ ಜೀವ ಇತ್ತು, ಕಾಗದದ ಲೆಕ್ಕದಲ್ಲಿ ಅಲ್ಲಿ ಗಾಳಿ ಇತ್ತು.

ಸೋಣ ಸಂಕ್ರಮಣದ ದಿನ, ಆಗಸ್ಟ್ ಹದಿನೇಳು, ಹುಡುಗಿ ಮಿಂದು ಸೀರೆ ಉಟ್ಟು ಬೇಸ್‌ಮೆಂಟಿನ ಒಲೆಯಲ್ಲಿ ಹಾಲುಕ್ಕಿಸಿದಳು. ಅಷ್ಟು ದಿನ ಅದೇ ಒಲೆಯಲ್ಲಿ ಗಂಜಿ ಬೇಯಿಸಿದ್ದಳು, ಅದು ಲೆಕ್ಕಕ್ಕಿಲ್ಲ. ಹಾಲು ಉಕ್ಕುವಾಗ ಹೊಗೆಯ ಅಲಾರಾಂ ಕೂಗಿ, ಅಳಿಯ ಟವಲು ಬೀಸುತ್ತ ಕುಣಿದ. ಆಮೇಲೆ ಕರಾರಿಗೆ ಸಹಿ ಹಾಕಿದ. ಬಾಡಿಗೆ ಶುರುವಾದ ದಿನ ಆಗಸ್ಟ್ ಹದಿನೇಳು ಎಂದು ಬರೆದ. ಹುಡುಗ ಹುಡುಗಿ ಇಬ್ಬರೂ ಅವನ ಕಾಲಿಗೆ ಬಿದ್ದರು. ಥೂ.

ಮರುವಾರ ಅವಳನ್ನು ಕೌಂಟರಿಗೆ ಕರೆದುಕೊಂಡು ಹೋದದ್ದು ನಾನು. ಗಂಡನಿಗೆ ಶಿಫ್ಟು ಬಿಡಲಾಗಲಿಲ್ಲ. ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಬಸ್ಸಿನ ನಂಬರು, ಸಾಲಿನಲ್ಲಿ ನಿಲ್ಲುವ ಜಾಗ, ಕೂರಲು ಕುರ್ಚಿ ಹಿಡಿಯುವುದು, ಇದೆಲ್ಲ ಬರುತ್ತದೆ. ಬಸುರಿ ಎಂದು ಹೇಳಿ ಒಬ್ಬ ದಾಂಡಿಗನನ್ನು ಕುರ್ಚಿಯಿಂದ ಎಬ್ಬಿಸಿದೆ.

ಕೌಂಟರಿನಲ್ಲಿದ್ದ ಹೆಂಗಸು ಸುಸ್ತಾದ ಮುಖದವಳು, ಆದರೆ ಮಾತು ಮೆತ್ತಗೆ. ಪಾಸ್‌ಪೋರ್ಟು ನೋಡಿದಳು. ವಿಮಾನ ನಿಲ್ದಾಣದಲ್ಲಿ ಕೊಟ್ಟ ವಾಸದ ಪರವಾನಗಿ ಕಾಗದ ನೋಡಿದಳು. ಕರಾರು ನೋಡಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಯಾವ ದಿನದಿಂದ ಈ ಪ್ರಾಂತ್ಯ ನಿನ್ನ ‘ಹೋಮ್’ ಆಗಿದೆ?

ಹೋಮ್ ಎಂದರೆ ನಮ್ಮ ಹುಡುಗಿಯ ತಲೆಗೆ ಬಂದದ್ದು ಮನೆ. ಮನೆ ಎಂದರೆ ಒಕ್ಕಲು. ಒಕ್ಕಲು ಎಂದರೆ ಹಾಲುಕ್ಕಿದ ದಿನ. ಅವಳು ಕಣ್ಣು ಮಿಟುಕಿಸದೆ, “ಆಗಸ್ಟ್ ಸೆವೆಂಟೀನ್,” ಎಂದಳು.

“ಹಾಗಾದರೆ ನಿನಗೆ ನವೆಂಬರ್ ಹದಿನೇಳರಿಂದ ಸಿಗುತ್ತದೆ,” ಎಂದಳು ಕೌಂಟರಿನವಳು.

ಹುಡುಗಿ ಕೌಂಟರಿನ ಅಂಚು ಹಿಡಿದುಕೊಂಡಳು. ನಾನು ಸೊಂಟಕ್ಕೆ ಕೈ ಕೊಟ್ಟೆ.

“ಎಂತ ಆಯ್ತು? ಎಂತ ಹೇಳಿದ್ಲು ಅವ್ಳು?”

“ನವೆಂಬರ್ ಹದಿನೇಳು ದೊಡ್ಡಮ್ಮ. ಅಷ್ಟರಲ್ಲಿ ಹೆರಿಗೆ ಆಗಿ ಹೋಗಿರ್ತದೆ.”

“ನೀನು ಬಂದದ್ದು ಯಾವಾಗ?”

“ಜುಲೈ ಹನ್ನೆರಡು.”

“ಮತ್ತೆ ಆಗಸ್ಟ್ ಅಂತ ಯಾಕೆ ಬೊಗಳಿದೆ?”

“ಹಾಲುಕ್ಕಿಸಿದ್ದು ಆಗ ಅಲ್ವಾ?”

ನನಗೆ ಅವಳ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು. ಬಸುರಿಯೆಂದು ಬಿಟ್ಟೆ. “ಹೇಳು ಅವ್ಳಿಗೆ, ಜುಲೈಯಿಂದ ಇದ್ದೇನೆ ಅಂತ!”

ಹೇಳಿದಳು. ಕೌಂಟರಿನವಳು ಟೈಪಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ಆಮೇಲೆ ನಡೆದದ್ದನ್ನು ಹುಡುಗಿ ನನಗೆ ಬಸ್ಸಿನಲ್ಲಿ ಬಿಡಿಸಿ ಹೇಳಿದಳು, ಅರ್ಧ ನನಗೇ ಅರ್ಥವಾಗಿತ್ತು.

“ಜುಲೈಯಲ್ಲಿ ಎಲ್ಲಿದ್ದೆ?”

“ಇದೇ ಮನೆಯಲ್ಲಿ.”

“ಅಲ್ಲೇ ಮಲಗುತ್ತಿದ್ದೆಯಾ?”

“ಹೌದು.”

“ಅಡುಗೆ?”

“ಮಾಡುತ್ತಿದ್ದೆ.”

“ಮತ್ತೆ ಇದರಲ್ಲಿ ಆಗಸ್ಟ್ ಹದಿನೇಳು ಎಂದು ಯಾಕಿದೆ?”

“ಆ ತಿಂಗಳು ಒಳ್ಳೆಯದಲ್ಲ.”

“ಯಾವುದಕ್ಕೆ ಒಳ್ಳೆಯದಲ್ಲ?”

ಪಾಪ, ಆಟಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು! ಹುಡುಗಿ “ಮಾನ್ಸೂನ್” ಎಂದಳಂತೆ. ಕೌಂಟರಿನವಳು ಕಿಟಕಿಯ ಹೊರಗೆ ನೋಡಿದಳು. ಒಣಗಿದ ಹುಲ್ಲು, ಉರಿಬಿಸಿಲು. ನಾನು ನಡುವೆ ನುಗ್ಗಿ ನನ್ನ ಇಂಗ್ಲಿಷಿನಲ್ಲಿ, “ಶಿ ಈಟ್ ಮೈ ಹೌಸ್ ಜುಲೈ. ಐ ಕುಕ್ ಫಿಶ್. ಐ ನೋ,” ಎಂದೆ. ಅವಳಿಗೆ ನಗು ಬಂತು, ಆದರೂ ತಲೆ ಅಲ್ಲಾಡಿಸಿದಳು.

ಅವಳು ಹೇಳಿದ್ದು ಇಷ್ಟು: ನೀನು ದೇಶಕ್ಕೆ ಕಾಲಿಟ್ಟದ್ದು ಜುಲೈ ಹನ್ನೆರಡು ಎಂದು ಈ ಪರವಾನಗಿಯಲ್ಲಿದೆ, ನಾನು ಅದನ್ನು ಸುಳ್ಳು ಎನ್ನುವುದಿಲ್ಲ. ಆದರೆ ಇಳಿದವಳು ಬೇರೆ ಪ್ರಾಂತ್ಯಕ್ಕೆ ಹೋಗಿ ಬಂದಿರಬಹುದು. ನೀನೇ ಆಗಸ್ಟ್ ಎನ್ನುತ್ತೀ, ನಿನ್ನ ಕರಾರೂ ಆಗಸ್ಟ್ ಎನ್ನುತ್ತದೆ. ಜುಲೈಯಿಂದ ಇಲ್ಲಿ ಇದ್ದದ್ದು ನಿಜವಾದರೆ, ಆ ನಿಜ ಬರೆದಿರುವ ಕಾಗದ ತಾ. ಇವತ್ತು ಅರ್ಜಿ ಹಾಕಬೇಡ. ಹಾಕಿದರೆ ತಪ್ಪು ದಿನ ಕೂತುಬಿಡುತ್ತದೆ.

ಅವಳು ಹಾಗೆ ಹೇಳದೆ ಠಸ್ಸೆ ಒತ್ತಿ ಕಳಿಸಬಹುದಿತ್ತು. ಕೊನೆಗೆ ಒಂದು ಮಾತು ಹುಡುಗಿಯ ಬಾಯಿಂದ ನಾನೇ ಕೇಳಿಸಿದೆ. ಈ ವಿಳಾಸ ಇಲ್ಲಿ ಬರೆಸಿದರೆ ನಗರಸಭೆಯವರು ಮನೆ ನೋಡಲು ಬರುತ್ತಾರಾ? ನಾವು ನೋಡುವುದು ಅವಳು ಎಲ್ಲಿದ್ದಾಳೆ ಎಂದು, ಮನೆ ಹೇಗಿದೆ ಎಂದು ನಮ್ಮ ಕೆಲಸವಲ್ಲ ಎಂದಳು.

ಯಾಕೆ ಕೇಳಿದೆ ಎಂದರೆ, ಅಳಿಯನ ಹೊಟ್ಟೆನೋವು ಅಲ್ಲೇ ಇತ್ತು. ಇಲ್ಲಿ ಬ್ರ್ಯಾಂಪ್ಟನ್ನಿನಲ್ಲಿ ಬೇಸ್‌ಮೆಂಟು ಬಾಡಿಗೆಗೆ ಕೊಡುವವರು ಅದನ್ನು ನಗರಸಭೆಯಲ್ಲಿ ನೋಂದಾಯಿಸಬೇಕು. ಕಿಟಕಿ ಇಷ್ಟು ದೊಡ್ಡದಿರಬೇಕು, ಹೊರಗೆ ಹೋಗುವ ದಾರಿ ಹೀಗಿರಬೇಕು, ಬೆಂಕಿಗೆ ಅದು ಬೇಕು ಇದು ಬೇಕು. ಅಳಿಯ ಯಾವುದನ್ನೂ ಮಾಡಿಸಿರಲಿಲ್ಲ. ಹಿಂದಿನ ವರ್ಷ ಎದುರು ಮನೆಗೆ ತಪಾಸಣೆಯವರು ಬಂದಾಗ ಅವನು ಕೆಳಗಿನ ಒಲೆಯ ಮೇಲೆ ಕಂಬಳಿ ಹೊದೆಸಿ, ಅದರ ಮೇಲೆ ನನ್ನ ಉಪ್ಪಿನಕಾಯಿ ಭರಣಿ ಇಟ್ಟು ಬಂದಿದ್ದ. ಬೇರೆ ಹೆಸರಿನಲ್ಲಿ ಕಾಗದ ಬಂದಷ್ಟೂ ಅವನಿಗೆ ಹೆದರಿಕೆ. ಇನ್ನು ಈ ಜೋಡಿ ನಿಲ್ಲುತ್ತದೋ ಓಡುತ್ತದೋ ನೋಡಿಕೊಂಡು ಕಾಗದ ಕೊಡೋಣ ಎಂದು ಕಾದ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅದಕ್ಕೆ ಆಟಿ. ಸತ್ತ ನನ್ನ ಹಿರಿಯರನ್ನು ಎಬ್ಬಿಸಿ ತಂದು ತನ್ನ ಬಾಗಿಲಿಗೆ ಕಾವಲು ಕೂರಿಸಿದ.

ಬಸ್ಸಿನಲ್ಲಿ ಹುಡುಗಿ ಅಳುತ್ತಿದ್ದಳು. “ದೊಡ್ಡಮ್ಮ, ಅಣ್ಣನಿಗೆ ಬೈಬೇಡಿ. ಮನೆ ಬಿಡಿ ಅಂದ್ರೆ ಈ ಹೊಟ್ಟೆ ಇಟ್ಕೊಂಡು ಎಲ್ಲಿ ಹೋಗುದು?”

“ಅಳುದು ನಿಲ್ಸು. ಒತ್ತಡ ಏರ್ತದೆ,” ಎಂದೆ. ಬೈಯುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಳಿಯ ನೀರುದೋಸೆಗೆ ಕೂತ. ಅವನಿಗೆ ನಾನು ಮಾಡುವ ನೀರುದೋಸೆ ಎಂದರೆ ಪ್ರಾಣ. ಎರಡು ಹಾಕಿದೆ. ಮೂರನೆಯದನ್ನು ಕಾವಲಿಯಲ್ಲೇ ಬಿಟ್ಟು ಒಲೆ ಆರಿಸಿದೆ.

“ಮಾಮಿ, ದೋಸೆ?”

“ನಿಮ್ಮ ಕಾರಿನ ಕಾಗದಕ್ಕೆ ಸಹಿ ಹಾಕಿದ್ದು ಯಾವ ತಿಂಗಳು?”

“ಯಾವ ಕಾರು?”

“ನಿಂಬೆಹಣ್ಣಿನ ಮೇಲೆ ಹತ್ತಿಸಿದ್ರಲ್ಲ, ಆ ಕಾರು.”

ಅವನು ಮಗಳ ಮುಖ ನೋಡಿದ. ಮಗಳು ಚಟ್ನಿ ನೋಡಿದಳು.

“ಅದು… ಡೀಲ್ ಮುಗೀತಿತ್ತು. ಕಾರು ಬೇರೆ, ಮನೆ ಬೇರೆ ಮಾಮಿ.”

“ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದಿರಾ? ಇಲ್ಲ, ಹಿತ್ತಿಲಲ್ಲಿ ಕೋಳಿ ಸುಟ್ಟು ಬಿಯರು ಕುಡಿದ್ರಿ. ಜುಲೈ ತಿಂಗಳ ಬಾಡಿಗೆ ತಗೊಂಡ್ರಿ. ಆಟಿ ಇದ್ದದ್ದು ಆ ಹುಡುಗಿಯ ಕಾಗದಕ್ಕೆ ಮಾತ್ರವಾ? ಆಟಿಯಲ್ಲಿ ಹೊಟ್ಟೆಯೊಳಗಿನ ಮಗು ಬೆಳೆಯುದು ನಿಲ್ಲಿಸ್ತದಾ?”

“ಸರಕಾರ ಆರು ತಿಂಗಳು ಕೊಟ್ಟಿದೆ ಅಂತ ನಾನು ಮೊದಲೇ…”

“ಆರು ತಿಂಗಳು ಕೊಟ್ಟದ್ದು ಆ ಕಾರ್ಡಿಗೆ. ಮಗುವಿಗೆ ಯಾರು ಕೊಟ್ರು ಆರು ತಿಂಗಳು? ನೀವಾ?”

ಅವನ ಸ್ವರ ಏರಿತು. “ನಿಮ್ಗೆ ಗೊತ್ತುಂಟಾ, ಸಿಟಿಯವ್ರು ಬಂದ್ರೆ ಎಷ್ಟು ಫೈನ್ ಅಂತ? ಅಗ್ರಿಮೆಂಟ್ ಒಮ್ಮೆ ಕೊಟ್ಟಾಯ್ತು. ಡೇಟು ಚೇಂಜ್ ಮಾಡಿದ್ರೆ ಅದು ಫ್ರಾಡ್ ಆಗ್ತದೆ.”

ನೋಡಿ! ಸುಳ್ಳು ದಿನ ಬರೆದವನು, ನಿಜ ಬರೆ ಎಂದರೆ ಮೋಸ ಎನ್ನುತ್ತಾನೆ. ಸಟ್ಟುಗ ಕೆಳಗಿಟ್ಟೆ.

“ಬಾಡಿಗೆ ತಗೊಂಡ ದಿನ ಬರೆಯುದು ಫ್ರಾಡಾ? ಹಾಗಾದ್ರೆ ಕೇಳಿ. ಕೌಂಟರಿನವ್ಳಿಗೆ ನಾನೇ ಹೋಗಿ ಹೇಳ್ತೇನೆ, ಜುಲೈಯಿಂದ ಬಾಡಿಗೆ ತಗೊಂಡ್ರು, ಕಾಗದ ಕೊಡ್ಲಿಲ್ಲ ಅಂತ. ಅಲ್ಲಿಂದ ನಗರಸಭೆ ದೂರ ಇಲ್ಲ. ಬಸ್ ನಂಬರ್ ನಂಗೆ ಗೊತ್ತುಂಟು.”

“ಅಮ್ಮ!” ಎಂದಳು ಮಗಳು.

“ನೀನು ಸುಮ್ನಿರು. ನಿನ್ನ ಹೆರಿಗೆಗೆ ನಾನು ಸಮುದ್ರ ದಾಟಿ ಬಂದೆ. ಅವ್ಳ ತಾಯಿಗೆ ವೀಸಾ ಸಿಕ್ಕಿಲ್ಲ.”

ಮೇಲಿನ ಕೋಣೆಯಿಂದ ಇಳಿದು ಬಂದ ಮೊಮ್ಮಗಳು ಫ್ರಿಜ್ಜಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಡ್ಯಾಡ್, ಜಸ್ಟ್ ರೈಟ್ ದಿ ರಿಯಲ್ ಡೇಟ್,” ಎಂದು ಹಾಲಿನ ಡಬ್ಬಿ ಎತ್ತಿಕೊಂಡು ಹೋದಳು. ಆ ಮಗುವಿಗೆ ಆಟಿ ಗೊತ್ತಿಲ್ಲ, ನಿಜ ಯಾವುದು ಎಂದು ಗೊತ್ತಿದೆ.

ಅಳಿಯ ತಟ್ಟೆ ತಳ್ಳಿ ಎದ್ದು ಗ್ಯಾರೇಜಿಗೆ ಹೋದ. ಕಾರು ತೊಳೆಯುವ ಸದ್ದು ಕೇಳಿಸಿತು. ತೊಳೆದ ಕಾರನ್ನೇ ಮತ್ತೆ ತೊಳೆದ.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮಗಳು ಕೈ ತೊಳೆದುಕೊಂಡು ಕಂಪ್ಯೂಟರು ತೆರೆದಳು. ಬಾಡಿಗೆಯವರಿಗೆಂದು ಸರಕಾರ ಮಾಡಿದ ನಮೂನೆಯನ್ನೇ ಮುದ್ರಿಸಿದಳು. ಮನೆ ತನ್ನ ಹೆಸರಿನಲ್ಲೂ ಇದೆಯಲ್ಲ. ಬಾಡಿಗೆ ಶುರುವಾದ ದಿನ ಜುಲೈ ಹನ್ನೆರಡು ಎಂದು ತುಂಬಿಸಿದಳು. ಸಹಿಯ ಜಾಗದಲ್ಲಿ ಸಹಿ ಹಾಕಿದ ಆ ದಿನದ ತಾರೀಕನ್ನೇ ಬರೆದಳು, ಹಿಂದಿನದ್ದಲ್ಲ. ಹಳೆಯ ಕರಾರಿನ ಬದಲು ಇದು ಎಂದು ಒಂದು ಸಾಲು ಸೇರಿಸಿದಳು. ಜುಲೈಯಿಂದ ಪಡೆದ ಬಾಡಿಗೆಗೆ ರಸೀತಿ ಬೇರೆ ಬರೆದಳು. ಸಹಿ ಹಾಕಿ ಕೆಳಗಿಳಿದು ಹೋಗಿ ಕೊಟ್ಟು ಬಂದಳು.

“ನಿನ್ನ ಗಂಡನಿಗೆ ಎಂತ ಹೇಳ್ತೀ?” ಎಂದು ಕೇಳಿದೆ.

“ಹೇಳಿದ್ದೇನೆ ಆಗಲೇ. ಕಿಟಕಿ ದೊಡ್ಡದು ಮಾಡಿಸಿ ಸಿಟಿಯಲ್ಲಿ ನೋಂದಾಯಿಸುವ ತನಕ ಇನ್ಯಾರಿಗೂ ಕೊಡುದಿಲ್ಲ ಅಂತ. ಒಲೆ ಹೊತ್ತಿಸು ಅಮ್ಮ, ನಂಗೂ ದೋಸೆ ಸಿಕ್ಲಿಲ್ಲ.”

ಅವಳಿಗೆ ನಾಲ್ಕು ಹಾಕಿದೆ.

ಎರಡನೆಯ ಸಲ ಹೋದಾಗ ಕೌಂಟರಿನಲ್ಲಿ ಬೇರೆಯವಳಿದ್ದಳು. ಹುಡುಗಿಯನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದೆ. “ಹೋಮ್ ಎಂದರೆ?” “ಮಲಗಿದ್ದು.” “ಹಾಲುಕ್ಕಿದ್ದು?” “ಲೆಕ್ಕಕ್ಕಿಲ್ಲ.” ಕರಾರು, ರಸೀತಿ, ಪರವಾನಗಿ ಎಲ್ಲ ಇಟ್ಟಳು. ಆ ಹೆಂಗಸು ಎರಡು ಪ್ರಶ್ನೆ ಕೇಳಿ, ಕಾಗದಗಳನ್ನು ಅತ್ತಿತ್ತ ತಿರುಗಿಸಿ, ಹುಡುಗಿಯ ಫೋಟೋ ತೆಗೆದು, ಅಕ್ಟೋಬರ್ ಹನ್ನೆರಡರಿಂದ ಎಂದು ಹೇಳಿದಳು. ಕಾರ್ಡು ಅಂಚೆಯಲ್ಲಿ ಬರುತ್ತದೆ. ಹುಡುಗಿ ಸಾರ್ವಜನಿಕ ಜಾಗದಲ್ಲಿ ನನ್ನನ್ನು ತಬ್ಬಿಕೊಂಡಳು. ಬಿಡು ಮಾರಾಯ್ತಿ, ಸಾಲಿನಲ್ಲಿ ಜನ ಕಾಯುತ್ತಿದ್ದಾರೆ ಎಂದೆ.

ಅದೇ ಸಂಜೆ ಹುಡುಗ ಖಾಯಂ ವಾಸದ ಕಾರ್ಡಿಗೂ ವಿಳಾಸ ಕಳಿಸಿದ. ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಅಷ್ಟೇ ಹೊತ್ತಿನ ಕೆಲಸವನ್ನು ಅಳಿಯ ತಿಂಗಳಿಗೂ ಹೆಚ್ಚು ತಡೆದಿಟ್ಟಿದ್ದ.

ನಮ್ಮ ಬೀದಿಯಲ್ಲಿ ಮನೆ ಮನೆಗೆ ಅಂಚೆ ಬರುವುದಿಲ್ಲ, ಮೂಲೆಯಲ್ಲಿ ಎಲ್ಲರಿಗೂ ಸೇರಿ ಪೆಟ್ಟಿಗೆ. ಕೀಲಿ ಅಳಿಯನ ಹತ್ತಿರ. ಹುಡುಗಿಯ ಹೆಲ್ತ್ ಕಾರ್ಡು ಬಂದ ದಿನ ಅವನೇ ತಂದು, ನನ್ನ ಮುಂದೆ ಮೇಜಿನ ಮೇಲೆ ಟಪ್ಪೆಂದು ಇಟ್ಟ. “ತಗೊಳ್ಳಿ ನಿಮ್ಮ ಪಾರ್ಸೆಲ್.” ಎರಡು ವಾರದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಕ್ಷಮೆ ಕೇಳಲಿಲ್ಲ, ನಾನು ಕಾಯಲೂ ಇಲ್ಲ. ಮರುದಿನ ಅವನಿಗೆ ನೀರುದೋಸೆ ಮಾಡಿದೆ. ತಿನ್ನುವವನ ಮೇಲೆ ಸಿಟ್ಟಿದ್ದರೆ ದೋಸೆ ದಪ್ಪ ಬರುತ್ತದೆ, ಆವತ್ತು ದಪ್ಪವೇ ಬಂತು.

ದೀಪಾವಳಿಗೆ ಮೂರು ದಿನ ಇರುವಾಗ ಹುಡುಗಿಯ ಒತ್ತಡ ಏರಿ ಕಣ್ಣು ಮಂಜಾಯಿತು. ಸೂಲಗಿತ್ತಿ ಫೋನಿನಲ್ಲೇ ಆಸ್ಪತ್ರೆಗೆ ಬಾ ಎಂದಳು. ಕರೆದುಕೊಂಡು ಹೋದದ್ದು ಅಳಿಯ, ಆ ಹೊಸ ಕಾರಿನಲ್ಲಿ. ಇಲ್ಲ ಎನ್ನುವುದಿಲ್ಲ, ಜೋರಾಗಿ ಓಡಿಸಿದ. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಕಾರ್ಡು. ಕೊಟ್ಟರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಕೊಯ್ದು ತೆಗೆದರು. ಹೆಣ್ಣುಮಗು, ಸಣ್ಣದು, ಅಳು ಮಾತ್ರ ದೊಡ್ಡದು. ತಾಯಿ ನಾಲ್ಕು ದಿನ ಅಲ್ಲೇ ಇದ್ದಳು. ಆ ನಾಲ್ಕು ದಿನದ ಬಿಲ್ಲು ಅವಳ ತಲೆದಿಂಬಿನ ಕೆಳಗೆ ಬಂದಿದ್ದರೆ ಒತ್ತಡ ಎಲ್ಲಿಗೆ ಏರುತ್ತಿತ್ತೋ. ಅದನ್ನು ನೆನೆದಾಗಲೆಲ್ಲ ಈಗಲೂ ನನಗೆ ಮೈ ಉರಿಯುತ್ತದೆ. ನಿಯಮ ಇದ್ದದ್ದು ಸರಿಯೋ ತಪ್ಪೋ ಬೇರೆ ಮಾತು. ಆ ಮೂರು ತಿಂಗಳು ಯಾಕೆ ಕಾಯಿಸುತ್ತಿದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಕೌಂಟರಿನವಳು ನಿಜ ತಾ, ಒಪ್ಪುತ್ತೇನೆ ಎಂದಳು. ನಿಜವನ್ನು ಬೀಗ ಹಾಕಿ ಇಟ್ಟವನು ನಮ್ಮ ಭಾಷೆ ಆಡುವವನು, ನಮ್ಮ ಮೀನು ತಿನ್ನುವವನು, ನೆಂಟರು ಎಂದು ಕರೆದವನು.

ಮಗುವಿಗೆ ಎರಡು ತಿಂಗಳು ತುಂಬುವಾಗ ಅವರು ಬೇರೆ ಮನೆ ನೋಡಿಕೊಂಡು ಹೊರಟರು. ಜನವರಿ ಮೊದಲ ವಾರ, ಎಲುಬು ಕೊರೆಯುವ ಚಳಿ. ಅಳಿಯ ಮೆಟ್ಟಿಲ ಮೇಲೆ ನಿಂತು, “ಧನುರ್ಮಾಸದಲ್ಲಿ ಯಾರಾದ್ರೂ ಮನೆ ಬದಲಿಸ್ತಾರಾ ಮಾರಾಯ? ಸಂಕ್ರಾಂತಿ ಕಳೀಲಿ,” ಎಂದ. ಈ ಸಲ ನಿಜವಾಗಿ ಅಕ್ಕರೆಯಿಂದಲೇ ಹೇಳಿದನೋ ಏನೋ, ಮಗುವನ್ನು ಎತ್ತಿಕೊಂಡಿದ್ದ. ಹುಡುಗಿ ಅವನ ಕೈಯಿಂದ ಮಗುವನ್ನು ತೆಗೆದುಕೊಂಡಳು. ಕಾಲಿಗೆ ಬೀಳಲಿಲ್ಲ.

ಎರಡು ದಿನ ಬಿಟ್ಟು ನನಗೆ ಫೋನು ಮಾಡಿದಳು.

“ದೊಡ್ಡಮ್ಮ, ಹೆಲ್ತ್ ಕಾರ್ಡಿಗೆ ಹೊಸ ವಿಳಾಸ ಕೊಟ್ಟಾಯ್ತು. ನಂದು, ಇವರದ್ದು, ಪಾಪುದ್ದು.”

“ಹಾಲುಕ್ಕಿಸಿದ್ಯಾ?”

“ಇಲ್ಲ. ಪಾತ್ರೆ ಇನ್ನೂ ಬಿಚ್ಚಿಲ್ಲ.”

“ನಿಧಾನಕ್ಕೆ ಬಿಚ್ಚು,” ಎಂದೆ.